ನಿಮ್ಮ ಪೀಜೋಮೀಟರ್ ಈಗ ಎಲ್ಲಿದೆ?

"ಸರ್, ಕರಾವಳಿಯ ಮೆತ್ತನೆ ಜೇಡಿನೆಲದ ಮೇಲೆ ರಸ್ತೆಯ ಏರಿ ಕಟ್ಟಿದ ಅನುಭವ ಬರೆದಿದ್ದೇನೆ. ಗೇಜುಗಳ ಓದುಗಳನ್ನೂ ಸರಳವಾಗಿ ವಿವರಿಸಿದ್ದೇನೆ. ಎಲ್ಲಿ ತಿದ್ದಬೇಕು ಅಂತ ಮುಚ್ಚುಮರೆಯಿಲ್ಲದೆ ಹೇಳಿ."

ನಿಮ್ಮ ಬರಹ ಓದಿಸಿಕೊಂಡು ಹೋಗುತ್ತದೆ. ಮಳೆಯಲ್ಲಿ ಲಾರಿ ಹೂತುಹೋದ ಭಾಗ ಚೆನ್ನಾಗಿದೆ. ಆದರೆ ನಾಲ್ಕನೇ ಪುಟದಲ್ಲಿ, ಮಣ್ಣಿನೊಳಗಿನ ನೀರಿನ ಒತ್ತಡ ಅಳೆಯುವ ಪೀಜೋಮೀಟರ್ ಬಗ್ಗೆ ಬರೆದ ಈ ಸಾಲು ಓದಿ ನನಗೆ ರಾತ್ರಿ ನಿದ್ದೆ ಬರಲಿಲ್ಲ:

"ಕೆಲಸಕ್ಕೆ ಮೊದಲು ಪೀಜೋಮೀಟರ್ 59 ಕಿಲೋಪಾಸ್ಕಲ್ ತೋರಿಸುತ್ತಿತ್ತು. ಹದಿನಾಲ್ಕು ತಿಂಗಳ ನಂತರ 68. ಅಂದರೆ 9 ಕಿಲೋಪಾಸ್ಕಲ್ ಹೆಚ್ಚುವರಿ ಒತ್ತಡ ಇನ್ನೂ ಇಳಿದಿಲ್ಲ, ಮಣ್ಣು ಇನ್ನೂ ಗಟ್ಟಿಯಾಗುತ್ತಿದೆ."

"ಅಂದರೆ" ಅಂತ ಬರೆಯುವ ಮುಂಚೆ ಒಂದು ಪ್ರಶ್ನೆ ಕೇಳಬೇಕಿತ್ತು. ಆ ಪೀಜೋಮೀಟರ್ ಈಗ ಎಲ್ಲಿದೆ? ನೀವು ಅದನ್ನು ಹೂತಿಟ್ಟ ಜಾಗದಲ್ಲಂತೂ ಇಲ್ಲ. ಅದರ ಕೆಳಗಿನ ಜೇಡಿ ಕುಗ್ಗಿದಾಗ ಅದೂ ಕೆಳಗೆ ಹೋಗಿದೆ. ಎಷ್ಟು ಅನ್ನೋದು ನಿಮ್ಮದೇ ಕೋಷ್ಟಕದಲ್ಲಿದೆ. ನೆಲದ ಮೇಲಿನ ಇಳಿತ ತಟ್ಟೆ 1.1 ಮೀಟರ್ ಇಳಿದಿದೆ, ಆ ಆಳದ ಮಣ್ಣಿನ ಇಳಿತ ತೋರಿಸುವ, ಪೀಜೋಮೀಟರ್ ಪಕ್ಕದ ಮ್ಯಾಗ್ನೆಟ್ ರಿಂಗ್ 0.6 ಮೀಟರ್. ಒಂದು ಮೀಟರ್ ನೀರು ಅಂದರೆ ಸುಮಾರು 9.8 ಕಿಲೋಪಾಸ್ಕಲ್. ಹಾಗಾದರೆ 0.6 ಮೀಟರ್ ಆಳಕ್ಕೆ ಇಳಿದದ್ದಕ್ಕೇ ಸುಮಾರು 6 ಜಾಸ್ತಿ ತೋರಿಸುತ್ತದೆ. ಬಾವಿಯಲ್ಲಿ ಕೊಡ ಇನ್ನಷ್ಟು ಕೆಳಗೆ ಬಿಟ್ಟ ಹಾಗೆ, ಅಷ್ಟೇ.

ಉಳಿದ 3? ಮೊದಲ ಓದು ಮೇ ತಿಂಗಳದ್ದು. ಆಗ ಏರಿಯಿಂದ ದೂರದ ಕೊಳವೆಯಲ್ಲಿ ನೀರು ನೆಲಕ್ಕಿಂತ 30 ಸೆಂಟಿಮೀಟರ್ ಕೆಳಗಿತ್ತು ಅಂತ ನೀವೇ ಬರೆದಿದ್ದೀರಿ. ಕೊನೆಯ ಓದು ಜುಲೈನದ್ದು, ನೀರು ನೆಲದ ಮಟ್ಟಕ್ಕೇ ಬಂದಿತ್ತು. ಆ 30 ಸೆಂಟಿಮೀಟರ್ ಅಂದರೆ ಸುಮಾರು 3 ಕಿಲೋಪಾಸ್ಕಲ್. ಇನ್ನೇನು ಉಳಿಯಿತು? ಏನೂ ಇಲ್ಲ. ಕೊನೆಯ ಎರಡು ತಿಂಗಳಲ್ಲಿ ತಟ್ಟೆ ಬರೀ 3 ಮಿಲಿಮೀಟರ್ ಇಳಿದದ್ದೂ ಇದಕ್ಕೇ ಹೊಂದುತ್ತದೆ. ಆ ಆಳದ ಜೇಡಿ ಎಂದೋ ಗಟ್ಟಿಯಾಗಿದೆ. ನೀವು ಮಾತ್ರ ಇನ್ನೂ ಕಾಯುತ್ತಿದ್ದೀರಿ.

ಬೈಯುವ ಹಕ್ಕು ನನಗೆ ಹೆಚ್ಚಿಲ್ಲ ಬಿಡಿ. ನಾನು ಕೆಲಸಕ್ಕೆ ಸೇರಿದ ವರ್ಷ ಒಂದು ರೈಲು ಏರಿಯ ಇಳಿತ ತಟ್ಟೆಗಳು ನನ್ನ ಪಾಲಿಗೆ ಬಂದವು. ಮಣ್ಣು ಏರಿದಂತೆ ತಟ್ಟೆಯ ರಾಡಿಗೆ ಒಂದೊಂದು ಮೀಟರ್ ತುಂಡು ಜೋಡಿಸಬೇಕು. ರಾಡಿನ ತುದಿಯ ಮಟ್ಟದಿಂದ ಒಟ್ಟು ಉದ್ದ ಕಳೆದರೆ ತಟ್ಟೆಯ ಮಟ್ಟ. ಒಂದು ದಿನ ತಟ್ಟೆ ಒಂದೇ ರಾತ್ರಿಯಲ್ಲಿ 30 ಮಿಲಿಮೀಟರ್ ಕೂತಿದೆ ಅಂತ ನಾನು ಕೂಗಾಡಿದೆ. ಲಾರಿಗಳು ನಿಂತವು. ನಮ್ಮ ಮೇಸ್ತ್ರಿ ಏನೂ ಮಾತಾಡದೆ ಟೇಪು ತಂದು ಜೋಡಿಸಿದ ತುಂಡಿಗೆ ಹಿಡಿದರು. ಕಪ್ಲಿಂಗ್ ಒಳಗೆ ಹೋದ ಥ್ರೆಡ್ ಕಳೆದು ಅದು ಸೇರಿಸಿದ ಉದ್ದ 97 ಸೆಂಟಿಮೀಟರ್ ಮಾತ್ರ. ನಾನು ಪುಸ್ತಕದಲ್ಲಿ ಒಂದು ಮೀಟರ್ ಅಂತ ಬರೆದಿದ್ದೆ. ಅಂದಿನಿಂದ ಜೋಡಿಸುವ ಮುಂಚೆ ಒಂದು ಓದು, ಜೋಡಿಸಿದ ತಕ್ಷಣ ಇನ್ನೊಂದು. ಇವತ್ತಿಗೂ ಕೈ ಹಾಗೇ ಹೋಗುತ್ತದೆ.

ನಿಮ್ಮ ಎರಡನೇ ತಪ್ಪು ತಿರುವುಮುರುವು. ಅಲ್ಲಿ ಸುಮ್ನೆ ಗಾಬರಿ, ಇಲ್ಲಿ ಸುಮ್ನೆ ಸಮಾಧಾನ. ನೆಲದೊಳಗೆ ಮಣ್ಣು ಪಕ್ಕಕ್ಕೆ ಎಷ್ಟು ಸರಿಯಿತು ಅಂತ ಅಳೆಯುವ ಇನ್‌ಕ್ಲಿನೋಮೀಟರ್ ಬಗ್ಗೆ, ಕೊನೆಯ ಪದರ ಹಾಕಿದ ವಾರದ ಓದು ನೋಡಿ ನೀವು ಬರೆದದ್ದು:

"ಇನ್‌ಕ್ಲಿನೋಮೀಟರ್ ಒಟ್ಟು 85 ಮಿಲಿಮೀಟರ್ ಮಾತ್ರ ಸರಿದಿದೆ, ತಟ್ಟೆ ಇಳಿದದ್ದು 640. ಹಾಗಾಗಿ ಏರಿ ಭದ್ರವಾಗಿತ್ತು."

ಒಟ್ಟು ಮೊತ್ತ ಹಳೇ ಕಥೆ ಹೇಳುತ್ತದೆ. ಆ ವಾರದ್ದು ಮಾತ್ರ ನೋಡಿ. ಕೊನೆಯ ಪದರ ಹಾಕಿದ ಐದು ದಿನದಲ್ಲಿ ಏರಿಯ ಬುಡ 22 ಮಿಲಿಮೀಟರ್ ಪಕ್ಕಕ್ಕೆ ಸರಿದಿದೆ, ನಡುವಿನ ತಟ್ಟೆ 30 ಇಳಿದಿದೆ. ಅನುಪಾತ 0.73. ಅದಕ್ಕೆ ಮುಂಚೆ 63ಕ್ಕೆ 610, ಅಂದರೆ 0.1. ತಾವೆನಾ ಮತ್ತು ಸಂಗಡಿಗರು 1979ರಲ್ಲಿ ಹಲವು ಏರಿಗಳ ಓದು ಕೂಡಿಸಿ ತೋರಿಸಿದ್ದು ಇದನ್ನೇ. ಜೇಡಿ ನೀರು ಬಿಟ್ಟು ಕುಗ್ಗುವಾಗ ಈ ಅನುಪಾತ 0.2ರ ಆಸುಪಾಸಿನಲ್ಲಿರುತ್ತದೆ. ನೀರು ಹೊರಹೋಗಲು ಪುರುಸೊತ್ತಿಲ್ಲದಾಗ ಒಂದರ ಹತ್ತಿರ ಬರುತ್ತದೆ. ಆಗ ಮಣ್ಣು ಕುಗ್ಗುತ್ತಿಲ್ಲ, ಪಕ್ಕಕ್ಕೆ ಹಿಂಡಿಕೊಂಡು ಹೋಗುತ್ತಿದೆ. ನೀವು "ಭದ್ರ" ಅಂದ ವಾರ ಅದು. ಮರುದಿನ ಮಳೆ ಹಿಡಿದು ಒಂಬತ್ತು ದಿನ ಕೆಲಸ ನಿಂತಿತು ಅಂತ ಬೇಜಾರಿನಿಂದ ಬರೆದಿದ್ದೀರಲ್ವಾ? ಆ ಮಳೆಗೆ ಒಂದು ತೆಂಗಿನಕಾಯಿ ಒಡೆಯಿರಿ.

ತಿದ್ದಿ ಕಳಿಸುವಾಗ ಆ 22 ಮಿಲಿಮೀಟರ್ ಎಷ್ಟು ಆಳದಲ್ಲಿ ಆಯಿತು ಅಂತ ಸೇರಿಸಿ. ಇನ್‌ಕ್ಲಿನೋಮೀಟರ್ ಕೊಳವೆಯ ತಳ ಜೇಡಿಯ ಕೆಳಗಿನ ಗಟ್ಟಿ ಪದರಕ್ಕೆ ಇಳಿದಿತ್ತಾ ಅನ್ನೋದನ್ನೂ ಬರೆಯಿರಿ. ಇನ್‌ಕ್ಲಿನೋಮೀಟರ್ ಲೆಕ್ಕ ತಳದಿಂದ ಮೇಲಕ್ಕೆ ಕೂಡುತ್ತಾ ಬರುತ್ತದೆ. ತಳವೇ ಸರಿದಿದ್ದರೆ ನಿಜವಾಗಿ ಸರಿದದ್ದು 22ಕ್ಕಿಂತ ಜಾಸ್ತಿ.