ವೇವ್‌ಗೈಡ್‌ನಲ್ಲಿ ಬೆಳಕಿಗಿಂತ ಬೇಗ ಓಡುವುದು ಯಾವುದು?

ಪ್ರಶ್ನೆ: ಲ್ಯಾಬ್‌ನಲ್ಲಿ 9 ಗಿಗಾಹರ್ಟ್ಸ್ ಕೊಟ್ಟು ವೇವ್‌ಗೈಡ್ ಒಳಗಿನ ತರಂಗಾಂತರ ಅಳೆದೆ. 48.6 ಮಿ.ಮೀ. ಬಂತು. ಫ್ರೀಕ್ವೆನ್ಸಿಯಿಂದ ಗುಣಿಸಿದರೆ ಸೆಕೆಂಡಿಗೆ ಸುಮಾರು 43.7 ಕೋಟಿ ಮೀಟರ್! ಬೆಳಕಿನ ವೇಗ 30 ಕೋಟಿ ಅಲ್ವಾ? ನನ್ನ ಅಳತೆ ತಪ್ಪಾ, ಇಲ್ಲಾ ಸಿಗ್ನಲ್ ನಿಜವಾಗಿಯೂ ಬೆಳಕಿಗಿಂತ ಬೇಗ ಹೋಗುತ್ತಾ?

ನಿಮ್ಮ ಅಳತೆ ಚೆನ್ನಾಗಿಯೇ ಇದೆ. ಸಿಗ್ನಲ್ ಮಾತ್ರ ಆ ವೇಗದಲ್ಲಿ ಹೋಗುತ್ತಿಲ್ಲ. ಓದುವಾಗ ನಾನೂ ಇದೇ ಪ್ರಯೋಗ ಮಾಡಿ, ಇದೇ ಥರದ ಸಂಖ್ಯೆ ನೋಡಿ ಹೆದರಿದ್ದೆ. ಎಲ್ಲೋ ಎರಡರಿಂದ ಗುಣಿಸಬಾರದಿತ್ತು ಅಂದುಕೊಂಡು, ರೆಕಾರ್ಡ್ ಪುಸ್ತಕದಲ್ಲಿ ಸರಿಯಾದ ಉತ್ತರವನ್ನೇ ಹೊಡೆದು ಹಾಕಿ ತಪ್ಪು ಉತ್ತರ ಬರೆದಿದ್ದೆ. ನೀವು ಹಾಗೆ ಮಾಡದೆ ಕೇಳಿದ್ದೀರಿ, ಒಳ್ಳೆಯದಾಯಿತು.

ಮೊದಲು ಲೆಕ್ಕ ತಾಳೆ ನೋಡೋಣ. ಈ ಫ್ರೀಕ್ವೆನ್ಸಿಗೆ ಲ್ಯಾಬ್‌ಗಳಲ್ಲಿ ಸಾಮಾನ್ಯವಾಗಿ ಇರುವುದು ಡಬ್ಲ್ಯುಆರ್-90 ಗೈಡ್, ಅಂದರೆ ಆಯತಾಕಾರದ ಟೊಳ್ಳು ಲೋಹದ ಕೊಳವೆ. ಅದರ ಒಳಗಿನ ಅಗಲ a = 22.86 ಮಿ.ಮೀ. ನಿಮ್ಮದೂ ಅದೇ ಅಂದುಕೊಳ್ಳುತ್ತೇನೆ. ಕೆಳಗಿನ fc ಅಂದರೆ ಕಟ್‌ಆಫ್, ಅದಕ್ಕಿಂತ ಕಡಿಮೆ ಫ್ರೀಕ್ವೆನ್ಸಿಯ ಅಲೆ ಗೈಡ್‌ನಲ್ಲಿ ಸಾಗುವುದಿಲ್ಲ. λ0 ಬಯಲಿನ ತರಂಗಾಂತರ, λg ಗೈಡ್ ಒಳಗಿನದು.

```
fc = c / (2a) = 6.557 GHz
λ0 = c / f = 33.3 mm
λg = λ0 / √(1 − (fc/f)²) = 33.3 / 0.685 = 48.6 mm
```

ಸರಿಯಾಗಿ ಕೂತಿತು. ಸ್ಲಾಟೆಡ್ ಲೈನ್‌ನಲ್ಲಿ ಪ್ರೋಬ್ ಸರಿಸುವಾಗ ಒಂದು ಕನಿಷ್ಠದಿಂದ ಮುಂದಿನ ಕನಿಷ್ಠಕ್ಕೆ ನಿಮಗೆ ಸುಮಾರು 24.3 ಮಿ.ಮೀ. ಸಿಕ್ಕಿರಬೇಕು. ಅದು ಅರ್ಧ ತರಂಗಾಂತರ. ಬಯಲಿನಲ್ಲಿ ಅದೇ ಅಲೆಗೆ ಇದು 16.7 ಇರುತ್ತಿತ್ತು. ಅಂದರೆ ಗೈಡ್‌ನ ಉದ್ದಕ್ಕೆ ಉಬ್ಬುಗಳು ನಿಜವಾಗಿಯೂ ದೂರ ದೂರ ನಿಂತಿವೆ, ಫ್ರೀಕ್ವೆನ್ಸಿ ಅಷ್ಟೇ ಇದೆ. ಹಾಗಾಗಿ ಉಬ್ಬುಗಳ ವೇಗ 1.46c. ಇದು ಫೇಸ್ ವೆಲಾಸಿಟಿ. ಇದನ್ನು ಸುಮ್ನೆ ಲೆಕ್ಕದ ಆಟ ಅಂತ ಪಕ್ಕಕ್ಕಿಡುವವರಿದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ. ನೀವು ಸ್ಕೇಲ್ ಇಟ್ಟು ಅಳೆದಿದ್ದೀರಿ, ಅದು ಇದೆ. ಆದರೆ ಓಡುತ್ತಿರುವುದು ಏನು ಅನ್ನುವುದನ್ನು ನೋಡಬೇಕು.

ಒಂದು ಉದ್ದನೆಯ ಗೋಡೆಗೆ ನೀರಿನ ಅಲೆ ಓರೆಯಾಗಿ ಬಂದು ಬಡಿಯುವುದನ್ನು ಊಹಿಸಿಕೊಳ್ಳಿ. ಅಲೆಯ ಉಬ್ಬು ಒಂದು ಉದ್ದ ಗೆರೆ. ಆ ಗೆರೆಯ ಒಂದು ತುದಿ ಮೊದಲು ಗೋಡೆ ಮುಟ್ಟುತ್ತದೆ, ಆಮೇಲೆ ಅದರ ಪಕ್ಕದ ಭಾಗ, ಆಮೇಲೆ ಅದರಾಚೆಯದು. ಗೋಡೆಯ ಮೇಲೆ ನೀರು ಚಿಮ್ಮುವ ಜಾಗ ಸರಸರನೆ ಒಂದು ಕಡೆಗೆ ಓಡುತ್ತದೆ. ಅದು ಅಲೆಗಿಂತ ಜೋರಾಗಿಯೇ ಓಡುತ್ತದೆ. ಅಲೆ ಹೆಚ್ಚು ಹೆಚ್ಚು ನೇರವಾಗಿ ಗೋಡೆಗೆ ಮುಖ ಮಾಡಿದಷ್ಟೂ ಆ ಜಾಗದ ಓಟ ಜೋರಾಗುತ್ತದೆ. ಪೂರ್ತಿ ನೇರವಾಗಿ ಬಂದರೆ ಇಡೀ ಗೋಡೆಗೆ ಒಟ್ಟಿಗೇ ಬಡಿಯುತ್ತದೆ, ಆಗ ಓಟಕ್ಕೆ ಲೆಕ್ಕವೇ ಇಲ್ಲ. ಹಾಗಂತ ಯಾವ ಹನಿ ನೀರೂ ಗೋಡೆಯುದ್ದಕ್ಕೆ ಆ ವೇಗದಲ್ಲಿ ಹೋಗಿಲ್ಲ. ಇಲ್ಲಿ ಚಿಮ್ಮಿದ ನೀರು ಅಲ್ಲಿ ಚಿಮ್ಮಿದ ನೀರಿಗೆ ಏನನ್ನೂ ಹೇಳಿಲ್ಲ. ಎರಡೂ ಆಗಲೇ ದಾರಿಯಲ್ಲಿದ್ದವು, ಅಷ್ಟೇ.

ಗೈಡ್ ಒಳಗೆ ನಡೆಯುವುದೂ ಇದೇ. ಈ ಗೈಡ್‌ನಲ್ಲಿ ಅಲೆ ಸಾಗುವ ರೀತಿಯಾದ ಟಿಇ10 ಮೋಡ್ ಅಂದರೆ ಎರಡು ಪಕ್ಕದ ಗೋಡೆಗಳ ನಡುವೆ ಓರೆಯಾಗಿ ಬಡಿದು ಪುಟಿಯುತ್ತಾ ಸಾಗುವ ಎರಡು ಸಾದಾ ಅಲೆಗಳ ಜೋಡಿ. ಆ ಒಂದೊಂದು ಅಲೆಯೂ ತನ್ನ ದಿಕ್ಕಿನಲ್ಲಿ ಸರಿಯಾಗಿ c ವೇಗದಲ್ಲೇ ಹೋಗುತ್ತದೆ. ಒಂದು ಕೂದಲೆಳೆಯೂ ಜಾಸ್ತಿ ಇಲ್ಲ. ನಿಮ್ಮ 9 ಗಿಗಾಹರ್ಟ್ಸ್‌ಗೆ ಅವು ಗೈಡ್‌ನ ಉದ್ದದ ಗೆರೆಯಿಂದ ಸುಮಾರು 47 ಡಿಗ್ರಿ ಓರೆ. ಅದರ ಕೊಸೈನ್ 0.685. ಈ ಒಂದು ಸಂಖ್ಯೆಯಿಂದ ಎರಡೂ ವೇಗ ಬರುತ್ತವೆ. ಉಬ್ಬಿನ ಗೆರೆ ಗೋಡೆಯನ್ನು ಮುಟ್ಟುವ ಜಾಗ c/0.685, ಅಂದರೆ 1.46c ವೇಗದಲ್ಲಿ ಓಡುತ್ತದೆ. ಪ್ರೋಬ್ ತೋರಿಸಿದ್ದು ಇದನ್ನು. ಶಕ್ತಿ ಮಾತ್ರ ಅಂಕುಡೊಂಕು ದಾರಿಯಲ್ಲಿ ಹೋಗಬೇಕು. ಅದು c ವೇಗದಲ್ಲಿ 1 ಮೀಟರ್ ನಡೆದರೆ ಮುಂದಕ್ಕೆ ಸಿಗುವುದು 68.5 ಸೆಂ.ಮೀ. ಮಾತ್ರ. ಹಾಗಾಗಿ ಅದರ ಮುಂದಿನ ವೇಗ 0.685c. ಇದು ಗ್ರೂಪ್ ವೆಲಾಸಿಟಿ. ಒಂದನ್ನು ಕೊಸೈನ್‌ನಿಂದ ಭಾಗಿಸಿದ್ದೇವೆ, ಇನ್ನೊಂದನ್ನು ಗುಣಿಸಿದ್ದೇವೆ. ಎರಡನ್ನೂ ಗುಣಿಸಿದರೆ c² ಬರುವುದು ಅದಕ್ಕೇ.

ಈ ಚಿತ್ರ ತಲೆಯಲ್ಲಿದ್ದರೆ ಕಟ್‌ಆಫ್ ಹತ್ತಿರದ ವಿಚಿತ್ರವೂ ಅರ್ಥವಾಗುತ್ತದೆ. 6.6 ಗಿಗಾಹರ್ಟ್ಸ್‌ಗೆ ಇಳಿಸಿ ಲೆಕ್ಕ ಹಾಕಿದರೆ ಫೇಸ್ ವೆಲಾಸಿಟಿ ಸುಮಾರು 8.8c, ಗ್ರೂಪ್ ವೆಲಾಸಿಟಿ 0.11c. ಅಲೆಗಳು ಹೆಚ್ಚು ಕಮ್ಮಿ ನೇರವಾಗಿ ಗೋಡೆಯಿಂದ ಗೋಡೆಗೆ ಬಡಿದಾಡುತ್ತಿವೆ, ಮುಂದಕ್ಕೆ ತೆವಳುತ್ತಿವೆ. ಸರಿಯಾಗಿ ಕಟ್‌ಆಫ್‌ನಲ್ಲಿ ಫೇಸ್ ವೆಲಾಸಿಟಿ ಅನಂತ. ಕೇಳಲು ಭಯಂಕರ. ಆದರೆ ಅದರ ಅರ್ಥ ಗೈಡ್‌ನ ಉದ್ದಕ್ಕೂ ಎಲ್ಲ ಜಾಗದಲ್ಲೂ ಅಲೆ ಒಟ್ಟಿಗೇ ಏರುತ್ತಿದೆ, ಒಟ್ಟಿಗೇ ಇಳಿಯುತ್ತಿದೆ ಅಂತ ಮಾತ್ರ. ಅನಂತ ವೇಗ ಅನ್ನುವ ಜಾಗದಲ್ಲೇ ಏನೂ ಮುಂದೆ ಹೋಗುತ್ತಿಲ್ಲ.

"ಸರಿ, ಆದರೂ ಉಬ್ಬುಗಳನ್ನೇ ಬಳಸಿ ಸಂದೇಶ ಕಳಿಸಬಾರದಾ?" ಅಂತ ನೀವು ಕೇಳಬಹುದು. ಗೊಂದಲದ ಬೇರು ಇಲ್ಲಿದೆ ಅಂತ ನನ್ನ ಅನಿಸಿಕೆ. ಒಂದೇ ಫ್ರೀಕ್ವೆನ್ಸಿಯ ಅಲೆಯಲ್ಲಿ ಎಲ್ಲ ಉಬ್ಬುಗಳೂ ಒಂದೇ ಥರ. ಈಗ ಬಂದದ್ದು ಯಾವುದು, ಹೋದದ್ದು ಯಾವುದು ಅಂತ ಆ ತುದಿಯಲ್ಲಿ ಕೂತವರಿಗೆ ಗೊತ್ತಾಗುವುದಿಲ್ಲ. ಗೊತ್ತಾಗಬೇಕಾದರೆ ಒಂದು ಉಬ್ಬಿಗೆ ಗುರುತು ಹಾಕಬೇಕು: ಸ್ವಲ್ಪ ದೊಡ್ಡದು ಮಾಡಬೇಕು, ಇಲ್ಲವೇ ನಡುವೆ ನಿಲ್ಲಿಸಿ ಶುರು ಮಾಡಬೇಕು. ಹಾಗೆ ಮಾಡಿದ ಕ್ಷಣ ಅದು ಒಂದೇ ಫ್ರೀಕ್ವೆನ್ಸಿಯಾಗಿ ಉಳಿಯುವುದಿಲ್ಲ. ಅಕ್ಕಪಕ್ಕದ ಫ್ರೀಕ್ವೆನ್ಸಿಗಳೂ ಸೇರಿಕೊಳ್ಳುತ್ತವೆ. ಆಗ ಗುರುತು ಉಬ್ಬಿನ ಜೊತೆ ಹೋಗುವುದಿಲ್ಲ, ಅವೆಲ್ಲ ಸೇರಿ ಮಾಡುವ ಗುಂಪಿನ ಜೊತೆ ಹೋಗುತ್ತದೆ.

ಬಾಯಿ ಮಾತು ಬೇಡ, ಲೆಕ್ಕ ಹಾಕಿ ನೋಡಿ. 8.9 ಮತ್ತು 9.1 ಗಿಗಾಹರ್ಟ್ಸ್‌ನ ಎರಡು ಸಮಾನ ಅಲೆಗಳನ್ನು ಅದೇ ಗೈಡ್‌ಗೆ ಒಟ್ಟಿಗೆ ಬಿಡಿ. ಮೇಲಿನ ಸೂತ್ರದಿಂದ ಅವುಗಳ ಗೈಡ್ ತರಂಗಾಂತರ 49.82 ಮತ್ತು 47.51 ಮಿ.ಮೀ. ಎರಡೂ ಕೂಡಿದಾಗ ಕೆಲವು ಕಡೆ ಒಂದಕ್ಕೊಂದು ಬಲ ಕೊಡುತ್ತವೆ, ಕೆಲವು ಕಡೆ ಅಳಿಸಿಹಾಕುತ್ತವೆ. ಹೀಗೆ ದಪ್ಪ, ತೆಳು, ದಪ್ಪ ಅಂತ ಗಂಟುಗಳ ಸಾಲು ಆಗುತ್ತದೆ. 1 ಮೀಟರಿಗೆ ಮೊದಲನೆಯದರ 20.074 ಅಲೆ ಹಿಡಿಸುತ್ತದೆ, ಎರಡನೆಯದರ 21.048. ವ್ಯತ್ಯಾಸ 0.974. ಅಂದರೆ ಒಂದು ಗಂಟಿನಿಂದ ಮುಂದಿನದಕ್ಕೆ ಸುಮಾರು 1.027 ಮೀಟರ್. ಒಂದು ಜಾಗದಲ್ಲಿ ನಿಂತು ನೋಡಿದರೆ ಸೆಕೆಂಡಿಗೆ 20 ಕೋಟಿ ಗಂಟು ದಾಟುತ್ತವೆ, ಯಾಕೆಂದರೆ ಫ್ರೀಕ್ವೆನ್ಸಿಗಳ ವ್ಯತ್ಯಾಸ ಅಷ್ಟು. ಗುಣಿಸಿ: ಸೆಕೆಂಡಿಗೆ 20.5 ಕೋಟಿ ಮೀಟರ್. ಅದೇ 0.685c! ಒಳಗಿನ ಸಣ್ಣ ಉಬ್ಬುಗಳೆಲ್ಲ 1.46c ಹತ್ತಿರ ಓಡುತ್ತಿದ್ದರೂ ಅವುಗಳಿಂದಾದ ಗಂಟು ಬೆಳಕಿಗಿಂತ ನಿಧಾನ.

ಹಾಗಾದರೆ ಉಬ್ಬುಗಳು ಗಂಟನ್ನು ಹಿಂದೆ ಹಾಕಿ ಹೋಗಬೇಕಲ್ಲ? ಹೌದು, ಹೋಗುತ್ತವೆ. ಗಂಟಿನ ಬಾಲದಲ್ಲಿ ಹುಟ್ಟಿ, ನಡುವೆ ದೊಡ್ಡದಾಗಿ, ತಲೆಯ ಹತ್ತಿರ ಸಣ್ಣಗಾಗಿ ಇಲ್ಲವಾಗುತ್ತವೆ. ಗಂಟಿನ ಮುಂದೆ ಒಂದೂ ಹೊರಬರುವುದಿಲ್ಲ. ಇದನ್ನು ಕಣ್ಣಾರೆ ನೋಡಬೇಕೆಂದರೆ ಆಳವಾದ ಕೆರೆಗೆ ಒಂದು ದೊಡ್ಡ ಕಲ್ಲು ಎಸೆದು, ಹರಡುವ ಅಲೆಗಳ ಪಟ್ಟಿಯಲ್ಲಿ ಒಂದೇ ಒಂದು ಉಬ್ಬಿನ ಮೇಲೆ ಕಣ್ಣಿಟ್ಟು ನೋಡಿ. ಅದು ಪಟ್ಟಿಯ ಮುಂಚೂಣಿಗೆ ಬಂದು ಮಾಯವಾಗುತ್ತದೆ. ಆಳ ನೀರಿನ ದೊಡ್ಡ ಅಲೆಗಳಲ್ಲಿ ಉಬ್ಬಿನ ವೇಗ ಗುಂಪಿನ ವೇಗದ ಎರಡರಷ್ಟು.

ಈಗ ನಿಮ್ಮ ಗೈಡ್ 10 ಮೀಟರ್ ಉದ್ದ ಇದೆ ಅಂತಿಟ್ಟುಕೊಳ್ಳಿ. ಗೋಡೆಯಲ್ಲಿ ನಷ್ಟ ಇಲ್ಲ ಅನ್ನೋಣ. ಈ ತುದಿಯಲ್ಲಿ 9 ಗಿಗಾಹರ್ಟ್ಸ್‌ನ ಒಂದು ಪಲ್ಸ್ ಬಿಟ್ಟರೆ ಅದರ ನಡುಭಾಗ ಆ ತುದಿಗೆ ಬರುವುದು 48.7 ನ್ಯಾನೋಸೆಕೆಂಡಿಗೆ. ಬಯಲಿನಲ್ಲಿ ಬೆಳಕಿಗೆ ಸಾಕಾಗುವುದು 33.4. ಫೇಸ್ ವೆಲಾಸಿಟಿಯೇ ಸಿಗ್ನಲ್ ವೇಗ ಆಗಿದ್ದರೆ 22.8ಕ್ಕೇ ಬರಬೇಕಿತ್ತು, ಬರುವುದಿಲ್ಲ. ಸ್ವಿಚ್ಚನ್ನು ತಟ್ಟನೆ ಹಾಕಿದರೂ ಅಷ್ಟೇ. 33.4 ನ್ಯಾನೋಸೆಕೆಂಡಿನವರೆಗೆ ಆ ತುದಿ ಪೂರ್ತಿ ಸೊನ್ನೆ. ಆಮೇಲೆ ಬಹಳ ಸಣ್ಣ, ಬಹಳ ಬಿರುಸಾದ ಅಲುಗಾಟ ಬರುತ್ತದೆ. ತಟ್ಟನೆ ಹಾಕುವಾಗ ಹುಟ್ಟುವ ತುಂಬಾ ಮೇಲಿನ ಫ್ರೀಕ್ವೆನ್ಸಿಗಳಿಗೆ ಗೈಡ್ ಇದ್ದೂ ಇಲ್ಲದಂತೆ, ಅವು c ಹತ್ತಿರದ ವೇಗದಲ್ಲಿ ಮೊದಲು ಬರುತ್ತವೆ. ನಿಮಗೆ ಬೇಕಾದ 9 ಗಿಗಾಹರ್ಟ್ಸ್ ಜೋರಾಗಿ ಬರುವುದು 48.7ರ ಆಸುಪಾಸಿನಲ್ಲಿ. ಫ್ರೀಕ್ವೆನ್ಸಿಗೆ ತಕ್ಕಂತೆ ವೇಗ ಬದಲಾಗುವ ಮಾಧ್ಯಮದಲ್ಲಿ ಅಲೆಯ ಮುಂದಿನ ಅಂಚು c ದಾಟುವುದಿಲ್ಲ ಅಂತ ಭೌತವಿಜ್ಞಾನಿಗಳಾದ ಸೊಮರ್‌ಫೆಲ್ಡ್ ಮತ್ತು ಬ್ರಿಲ್ವಾನ್ 1914ರಲ್ಲೇ ತೋರಿಸಿದ್ದರು.

ಒಂದು ಎಚ್ಚರಿಕೆ ಕೊಡಬೇಕು. "ಗ್ರೂಪ್ ವೆಲಾಸಿಟಿ ಯಾವತ್ತೂ c ದಾಟುವುದಿಲ್ಲ" ಅಂತ ಬಾಯಿಪಾಠ ಮಾಡಬೇಡಿ. ಖಾಲಿ, ನಷ್ಟವಿಲ್ಲದ ಗೈಡ್‌ಗೆ ಅದು ನಿಜ. ಜೋರಾಗಿ ಹೀರಿಕೊಳ್ಳುವ ವಸ್ತುಗಳಲ್ಲಿ, ಹೀರುವ ಫ್ರೀಕ್ವೆನ್ಸಿಯ ಹತ್ತಿರ, ಗ್ರೂಪ್ ವೆಲಾಸಿಟಿಯೂ c ಮೀರಬಹುದು. ಅಲ್ಲಿ ಪಲ್ಸ್‌ನ ಹಿಂಭಾಗ ಜಾಸ್ತಿ ನುಂಗಿಹೋಗಿ, ಅದರ ಅತಿ ಎತ್ತರದ ಜಾಗ ಮುಂದೆ ಸರಿದಂತೆ ಕಾಣುತ್ತದೆ. ಅಲ್ಲೂ ದಾಟದೇ ಉಳಿಯುವುದು ಆ ಮುಂದಿನ ಅಂಚು. ಹಾಗೆಯೇ vp × vg = c² ಖಾಲಿ ಗೈಡ್‌ಗೆ ಮಾತ್ರ. ಒಳಗೆ ಡೈಎಲೆಕ್ಟ್ರಿಕ್ ತುಂಬಿದರೆ ಬಲಗಡೆ c²/εr ಆಗುತ್ತದೆ. ನಿಮ್ಮ ಗೈಡ್‌ಗೆ εr = 2.1ರ ಟೆಫ್ಲಾನ್ ತುಂಬಿ ಅದೇ 9 ಗಿಗಾಹರ್ಟ್ಸ್ ಕೊಟ್ಟರೆ ಕಟ್‌ಆಫ್ ಸುಮಾರು 4.5 ಗಿಗಾಹರ್ಟ್ಸ್‌ಗೆ ಇಳಿಯುತ್ತದೆ, ಫೇಸ್ ವೆಲಾಸಿಟಿ 0.8c ಆಗುತ್ತದೆ. ಆಗ ನೀವು ಈ ಪ್ರಶ್ನೆ ಕೇಳುತ್ತಲೇ ಇರಲಿಲ್ಲ.