ಆಪ್ತಸಲಹೆ ಪ್ರಕರಣ: ಡೊಂಬಿವಲಿಯ ಟೀಚರ್, ನಾಸಿಕ್‌ನ ಮಕ್ಕಳು

ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ. ಇವರನ್ನು ಸುಮ್ನೆ ಟೀಚರ್ ಅನ್ನೋಣ. ಬಾಗಲಕೋಟೆ ಕಡೆಯವರು, ಮದುವೆಯಾಗಿ ಮುಂಬೈ ಹತ್ತಿರದ ಡೊಂಬಿವಲಿಗೆ ಬಂದು 14 ವರ್ಷ. ಮನೆಯ ಹಾಲ್‌ನಲ್ಲೇ ಹತ್ತನೇ ಕ್ಲಾಸಿನ ಮಕ್ಕಳಿಗೆ ಗಣಿತದ ಟ್ಯೂಷನ್ ನಡೆಸುತ್ತಿದ್ದರು. ಬಿಲ್ಡಿಂಗ್ ರೀಡೆವಲಪ್‌ಮೆಂಟ್‌ಗೆ ಹೋಯಿತು. ಬಾಡಿಗೆ ಮನೆ ದೂರದಲ್ಲಿ ಸಿಕ್ಕಿತು, ಬ್ಯಾಚ್ ಚದುರಿತು. ಹಾಗಾಗಿ ಆನ್‌ಲೈನ್ ಯೋಚನೆ.

"ಅಕ್ಕಾ, ಅಲ್ಲಿ ಲಿಫ್ಟ್‌ನಲ್ಲಿ ಸಿಕ್ಕವರೆಲ್ಲ ಟೀಚರ್ ಅಂತ ಮಾತಾಡಿಸ್ತಿದ್ರು. ಪುಣೆಯವರಿಗೆ ನಾನು ಯಾರು?" ಅಂತ ಕೇಳುವಾಗ ಅವರ ಕಣ್ಣು ತುಂಬಿತ್ತು.

ಲೋಗೋ ಮಾಡಿಸಿದ್ದರು. ಪೋಸ್ಟರ್‌ನಲ್ಲಿ 'ಎಸ್‌ಎಸ್‌ಸಿ, ಎಲ್ಲ ಬೋರ್ಡ್, 5ರಿಂದ 10' ಅಂತ ಹಾಕಿಸಿದ್ದರು. ಎಸ್‌ಎಸ್‌ಸಿ ಅಂದರೆ ಮಹಾರಾಷ್ಟ್ರದಲ್ಲಿ ಹತ್ತನೇ ಕ್ಲಾಸಿನ ಬೋರ್ಡ್ ಪರೀಕ್ಷೆ. ಎರಡು ತಿಂಗಳಲ್ಲಿ 11 ಜನ ವಿಚಾರಿಸಿದರು, ಒಬ್ಬರೂ ಸೇರಲಿಲ್ಲ.

ಫೋನ್ ತೆಗೆಸಿ ಆ 11 ಚಾಟ್‌ಗಳನ್ನೂ ಇಬ್ಬರೂ ಕೂತು ಓದಿದೆವು. ವಿಚಾರಿಸಿದವರಲ್ಲಿ ಇಬ್ಬರು ಕೇಂದ್ರ ಸರ್ಕಾರದ ನೌಕರಿಗಾಗಿ ಸ್ಟಾಫ್ ಸೆಲೆಕ್ಷನ್ ಕಮಿಷನ್ ಪರೀಕ್ಷೆಗೆ ಓದುತ್ತಿದ್ದ ಹುಡುಗರು, ಯಾಕೆಂದರೆ ಮಹಾರಾಷ್ಟ್ರದ ಹೊರಗೆ ಎಸ್‌ಎಸ್‌ಸಿ ಅಂದರೆ ತುಂಬಾ ಜನರಿಗೆ ಅದೇ ನೆನಪಾಗುತ್ತದೆ. ಉಳಿದವರಲ್ಲಿ ಹೆಚ್ಚಿನವರ ಮೊದಲ ಪ್ರಶ್ನೆ, ಯಾವ ಬೋರ್ಡ್? ಟೀಚರ್ ಉತ್ತರ, ಎಲ್ಲಾ. ಹಿಂದೆಯೇ ಫೀಸಿನ ಪಟ್ಟಿ. ಮಾತು ಅಲ್ಲಿಗೇ ನಿಂತಿತ್ತು.

ನಿಜವಾಗಿ ಅವರ ಕೈ ಪಳಗಿರುವುದು ಒಂದೇ ವಿಷಯದಲ್ಲಿ, ಮಹಾರಾಷ್ಟ್ರ ಬೋರ್ಡಿನ ಹತ್ತನೇ ಕ್ಲಾಸಿನ ಜಾಮೆಟ್ರಿಯಲ್ಲಿ. ಸಿಬಿಎಸ್‌ಇ ಹತ್ತನೇ ಕ್ಲಾಸಿಗೆ 80 ಅಂಕದ ಒಂದೇ ಗಣಿತ ಪೇಪರ್. ಮಹಾರಾಷ್ಟ್ರ ಬೋರ್ಡಿನಲ್ಲಿ ಹಾಗಲ್ಲ, ಆಲ್ಜೀಬ್ರಾಗೆ 40, ಜಾಮೆಟ್ರಿಗೆ 40, ಬೇರೆ ಬೇರೆ ಪೇಪರ್. ಪ್ರೂಫ್ ಕಂಡರೆ ಹೆದರುವ ಮಗುವಿಗೆ ಇಲ್ಲಿ ಇಡೀ ಒಂದು ಪೇಪರೇ ಎದುರು ನಿಲ್ಲುತ್ತದೆ. ನಾಸಿಕ್ ಇರಲಿ, ನಾಗಪುರ ಇರಲಿ, ಪಾಠ ಅದೇ, ರಾಜ್ಯದ ಪಠ್ಯಪುಸ್ತಕ ಸಂಸ್ಥೆ ಬಾಲಭಾರತಿಯದು. ಅಕ್ಕಲಕೋಟೆ, ಜತ್ತದ ಕಡೆ ಕನ್ನಡ ಮಾಧ್ಯಮದಲ್ಲೇ ಇದನ್ನು ಓದುವ ಮಕ್ಕಳಿದ್ದಾರೆ.

ಅದಕ್ಕೇ ಮೊದಲ ಸಲಹೆ ಕೊಟ್ಟೆ. ಲೋಗೋ ಪಕ್ಕಕ್ಕಿಡಿ, ಒಂದೇ ಸಾಲು ಬರೆಯಿರಿ: 'ಮಹಾರಾಷ್ಟ್ರ ಬೋರ್ಡ್, ಹತ್ತನೇ ಕ್ಲಾಸ್ ಜಾಮೆಟ್ರಿ. ಕನ್ನಡ, ಮರಾಠಿ, ಇಂಗ್ಲಿಷ್‌ನಲ್ಲಿ.'

"ಉಳಿದವರು ಕೈತಪ್ಪಿ ಹೋಗ್ತಾರಲ್ಲ?" ಅಂದರು. ಆ ಭಯ ನನಗೆ ಅರ್ಥವಾಯಿತು. ಆದರೆ ಎಲ್ಲರನ್ನೂ ಕರೆದಾಗ ಯಾರೂ ಬಂದಿರಲಿಲ್ಲ, ಅಲ್ವಾ?

ಇನ್ನು ನಂಬಿಕೆಯ ಮಾತು. ಡೊಂಬಿವಲಿಯಲ್ಲಿ ಅದು ಹೇಗೆ ಬಂತು ಅಂತ ಕೇಳಿದೆ. ಸ್ವಲ್ಪ ಯೋಚಿಸಿ, ಪಕ್ಕದ ಮನೆಯವರು ಮಕ್ಕಳ ನೋಟ್‌ಬುಕ್ ನೋಡುತ್ತಿದ್ದರು ಅಂದರು. ಚೀಲದಲ್ಲಿ ಒಂದು ಹಳೇ ನೋಟ್‌ಬುಕ್ ಇತ್ತು. ಹೊರಗಿನ ಬಿಂದುವಿನಿಂದ ವೃತ್ತಕ್ಕೆ ಎಳೆದ ಎರಡು ಸ್ಪರ್ಶಕಗಳು ಸಮ ಅನ್ನುವ ಪ್ರಮೇಯ. ಹುಡುಗ ಎರಡು ಕೋನಗಳನ್ನು 90 ಡಿಗ್ರಿ ಅಂತ ಬರೆದಿದ್ದ, ಕಾರಣ ಬರೆದಿರಲಿಲ್ಲ. ಟೀಚರ್ ಅಲ್ಲಿ ಕೆಂಪು ಸುತ್ತು ಹಾಕಿ, ಪಕ್ಕದಲ್ಲಿ 'ಯಾಕೆ? ತ್ರಿಜ್ಯ ಎಲ್ಲಿ?' ಅಂತ ಬರೆದಿದ್ದರು. ಮುಂದಿನ ಪುಟದಲ್ಲಿ ಅದೇ ಹುಡುಗ ಪ್ರತಿ ಸಾಲಿನ ಎದುರಿಗೂ ಕಾರಣ ಬರೆದಿದ್ದ.

ಈ ಎರಡು ಪುಟಗಳೇ ನಿಮ್ಮ ಬ್ರ್ಯಾಂಡ್ ಅಂದೆ. ಜನರಿಗೆ ಇವನ್ನೇ ತೋರಿಸಿ. ಮಗುವಿನ ಹೆಸರು, ಶಾಲೆ ಕಾಣಬಾರದು, ತಂದೆತಾಯಿಯ ಒಪ್ಪಿಗೆ ಬರಹದಲ್ಲಿರಬೇಕು, ಮಕ್ಕಳ ಮುಖದ ಫೋಟೋ ಬೇಡವೇ ಬೇಡ. ಹೊಸಬರು ವಿಚಾರಿಸಿದರೆ ಫೀಸಿನ ಪಟ್ಟಿ ಕಳಿಸುವ ಮೊದಲು, ಮಗು ಬಿಡಿಸಿದ ಒಂದು ಜಾಮೆಟ್ರಿ ಲೆಕ್ಕದ ಫೋಟೋ ತರಿಸಿಕೊಳ್ಳಿ. ಮರುದಿನ ಕೆಂಪು ಪೆನ್ನಿನ ತಿದ್ದುಪಡಿ ಮತ್ತು ಎರಡು ನಿಮಿಷದ ವಾಯ್ಸ್ ಮೆಸೇಜ್ ಸೇರಿಸಿ ವಾಪಸ್ ಕಳಿಸಿ. ಕ್ಲಾಸಿನಲ್ಲೂ ಫೋನನ್ನು ಸ್ಟ್ಯಾಂಡಿಗೆ ಹಾಕಿ ಮೇಲಿನಿಂದ ಹಾಳೆಯ ಕಡೆ ತಿರುಗಿಸಿ. ಕೈವಾರದ ಮೊನೆ ಎಲ್ಲಿ ಊರುತ್ತದೆ ಅನ್ನುವುದು ಕಾಣದಿದ್ದರೆ ರಚನೆಯ ಪಾಠವೇ ಆಗುವುದಿಲ್ಲ.

ಇದಕ್ಕೊಂದು ಮಿತಿ ಇದೆ. ಒಂದು ಪುಟ ತಿದ್ದಲು ಅವರಿಗೆ 10 ನಿಮಿಷ ಬೇಕು. ಎಂಟು ಮಕ್ಕಳು, ವಾರಕ್ಕೆ ಎರಡೆರಡು ಪುಟ ಅಂದರೆ 160 ನಿಮಿಷ. ಅಡುಗೆ, ಮಗ, ಅತ್ತೆಯ ಔಷಧಿ ಎಲ್ಲ ನೋಡಿಕೊಂಡು ಅವರಿಂದ ಆಗುವುದು ಅಷ್ಟೇ. ಎಂಟಕ್ಕೇ ನಿಲ್ಲಿಸಿ, ಫೀಸಿನಲ್ಲಿ ಈ ಹೊತ್ತನ್ನೂ ಸೇರಿಸಿ ಅಂದೆ. ಬ್ಯಾಚ್ 20 ಆದರೆ ಪುಟ ತಡವಾಗಿ ಹೋಗುತ್ತದೆ, ಎರಡು ಸಲ ತಡವಾದರೆ ದೂರದ ಊರಿನ ತಾಯಿಗೆ ಟೀಚರ್ ಮೇಲೆ ಬೇರೆ ಯಾವ ನಂಬಿಕೆಯೂ ಉಳಿಯುವುದಿಲ್ಲ.

ಯಾರಿಗೆ ಮೊದಲು ಹೇಳುವುದು? ಟ್ರಾನ್ಸ್‌ಫರ್ ಆಗಿ ಬೇರೆ ಊರಿಗೆ ಹೋದ ಹಳೇ ವಿದ್ಯಾರ್ಥಿಗಳ ಮನೆಗಳಿಗೆ. 'ಶೇರ್ ಮಾಡಿ' ಅಂತ ಕೇಳಬೇಡಿ, 'ನಿಮ್ಮ ಮಗನ ಜಾಮೆಟ್ರಿಯಲ್ಲಿ ಏನು ಬದಲಾಯಿತು, ಎರಡು ಸಾಲು ಬರೆದುಕೊಡಿ' ಅಂತ ಕೇಳಿ ಅಂದೆ. ಒಬ್ಬ ತಾಯಿ ಬರೆದರು: "ಮುಂಚೆ ಪ್ರೂಫ್ ಬಿಟ್ಟು ಬರ್ತಿದ್ದ. ಆಮೇಲೆ ಮೊದಲು ಅದನ್ನೇ ಬರೀತಿದ್ದ." 'ಒಳ್ಳೇ ಟೀಚರ್' ಅನ್ನುವ ಹತ್ತು ಮಾತಿಗಿಂತ ಇದು ಜಾಸ್ತಿ ಕೆಲಸ ಮಾಡಿತು.

ಮೂರು ತಿಂಗಳ ನಂತರ ಐದು ಮಕ್ಕಳಿದ್ದರು. ಸೋಲಾಪುರದ ಇಬ್ಬರು, ಪುಣೆಯ ಒಬ್ಬಳು, ನಾಸಿಕ್‌ನ ಇಬ್ಬರು. ನಾಸಿಕ್‌ನ ಎರಡನೆಯವನು ಮೊದಲನೆಯವನ ಪಕ್ಕದ ಮನೆಯ ಹುಡುಗ. ತಿದ್ದಿ ಬಂದ ಪುಟವನ್ನು ಮೊದಲನೆಯವನ ತಾಯಿ ಪಕ್ಕದ ಮನೆಯ ಗೆಳತಿಗೆ ತೋರಿಸಿದ್ದರಂತೆ.