ಒಬ್ಬರ ಸಂಬಳ, ಆರು ಜನರ ಮನೆ: ತುರ್ತು ನಿಧಿ ಎಷ್ಟಿರಬೇಕು?

ಪ್ರಶ್ನೆ: ಮಂಗಳೂರಿನಲ್ಲಿ ಖಾಸಗಿ ಕಂಪನಿ ಕೆಲಸ, ಕೈಗೆ 85 ಸಾವಿರ ಬರುತ್ತದೆ. ಮನೆಯಲ್ಲಿ ದುಡಿಯುವವನು ನಾನೊಬ್ಬನೇ. ಹೆಂಡತಿ, ಶಾಲೆಗೆ ಹೋಗುವ ಇಬ್ಬರು ಮಕ್ಕಳು, ಅಪ್ಪ, ಅಮ್ಮ. ಅಪ್ಪ ಅಮ್ಮನಿಗೆ 5 ಲಕ್ಷದ ಆರೋಗ್ಯ ವಿಮೆ ಬೇರೆ ಮಾಡಿಸಿದ್ದೇನೆ, ನಮಗೆ ಕಂಪನಿಯದ್ದೇ. ಗೃಹಸಾಲ ಇದೆ. ಊರಿನ ಸಹಕಾರಿ ಸಂಘದಲ್ಲಿ 2 ಲಕ್ಷ ಎಫ್‌ಡಿ ಉಂಟು. ಆರು ತಿಂಗಳ ಸಂಬಳ ಎತ್ತಿಟ್ಟರೆ ಸಾಕು ಅಂತಾರೆ ಎಲ್ಲರೂ. ಸಾಕಾಗುತ್ತದಾ? ಎಲ್ಲಿ ಇಡಬೇಕು?

ಉತ್ತರ: ಸಂಬಳವನ್ನು ಆರರಿಂದ ಗುಣಿಸುವ ಲೆಕ್ಕ ನಿಮ್ಮ ಮನೆಗೆ ಹೊಂದುವುದಿಲ್ಲ. ನೀವು ಎದುರಿಸಬೇಕಾದ್ದು ಎರಡು ಬೇರೆ ಬೇರೆ ಕಷ್ಟ. ಒಂದು, ಕೆಲಸ ಹೋದರೆ ತಿಂಗಳು ತಿಂಗಳೂ ನಡೆಯಬೇಕಾದ ಖರ್ಚು. ಇನ್ನೊಂದು, ಹಿರಿಯರು ಆಸ್ಪತ್ರೆ ಸೇರಿದರೆ ಒಂದೇ ಸಲಕ್ಕೆ ಬೇಕಾಗುವ ಮೊತ್ತ. ಎರಡನ್ನೂ ಬೇರೆಯಾಗಿ ಲೆಕ್ಕ ಹಾಕಿ, ಆಮೇಲೆ ಕೂಡಿಸಬೇಕು.

ಮೊದಲು ತಿಂಗಳ ಖರ್ಚು. ನೆನಪಿನಿಂದ ಬರೆಯಬೇಡಿ, ಕಳೆದ 12 ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್ ಎದುರಿಗಿಟ್ಟುಕೊಳ್ಳಿ. ನೆನಪಿಗೆ ಬರುವುದು ದಿನಸಿ, ಮೀನು, ಕರೆಂಟ್ ಬಿಲ್ಲು ಮಾತ್ರ. ವರ್ಷಕ್ಕೊಮ್ಮೆ ಕಟ್ಟುವಂಥದ್ದೆಲ್ಲ ತಪ್ಪಿಹೋಗುತ್ತದೆ. ನಿಮ್ಮಂಥ ಮನೆಗೆ ನಾನು ಹಿಡಿದ ಅಂದಾಜು ಹೀಗಿದೆ, ನಿಮ್ಮ ಅಂಕಿ ಹಾಕಿ ತಿದ್ದಿಕೊಳ್ಳಿ. ಸಾಲದ ಕಂತು 16,500, ದಿನಸಿ-ತರಕಾರಿ-ಮೀನು-ಹಾಲು-ಗ್ಯಾಸ್ 15,000, ಕರೆಂಟ್-ನೀರು-ಫೋನ್ 3,500, ಹಿರಿಯರ ಮಾತ್ರೆ ಮತ್ತು ರಕ್ತಪರೀಕ್ಷೆ 4,500, ಪೆಟ್ರೋಲು-ಬಸ್ಸು 3,000, ಶಾಲೆಯ ವ್ಯಾನು-ಟ್ಯೂಷನ್ 3,000. ಇಲ್ಲಿಗೆ 45,500.

ಇನ್ನು ವರ್ಷದ ಖರ್ಚು: ಇಬ್ಬರು ಮಕ್ಕಳ ಫೀಸು 90,000, ಹಿರಿಯರ ವಿಮೆಯ ಪ್ರೀಮಿಯಂ 48,000, ನಿಮ್ಮ ಟರ್ಮ್ ವಿಮೆ 14,000, ಮನೆ ತೆರಿಗೆ ಮತ್ತು ಗಾಡಿಯ ಇನ್ಶೂರೆನ್ಸ್ 10,000, ಮಳೆಗಾಲಕ್ಕೆ ಮುಂಚೆ ಹಂಚು-ಮಾಡಿನ ಕೆಲಸಕ್ಕೆ 18,000. ಒಟ್ಟು 1,80,000, ಅಂದರೆ ತಿಂಗಳಿಗೆ 15,000. ಇದರ ಮೇಲೆ ಇನ್ನೊಂದು ಖರ್ಚು ಕೆಲಸ ಹೋದ ದಿನವೇ ಹುಟ್ಟುತ್ತದೆ. ಕಂಪನಿಯ ಗುಂಪು ವಿಮೆ ಅಲ್ಲಿಗೆ ಮುಗಿಯುವುದರಿಂದ ನಿಮ್ಮ ನಾಲ್ವರಿಗೆ ಸ್ವಂತ ಪಾಲಿಸಿ ಬೇಕು, ಅದಕ್ಕೆ ತಿಂಗಳಿಗೆ 2,000 ಹಿಡಿಯೋಣ. ಈಗ ಮೊತ್ತ 62,500. ಎಸ್‌ಐಪಿ, ಹೋಟೆಲು, ಪ್ರವಾಸ ಯಾವುದೂ ಇದರಲ್ಲಿಲ್ಲ. ಅವೆಲ್ಲ ಆಗ ನಿಲ್ಲಲೇಬೇಕು.

ಎಷ್ಟು ತಿಂಗಳು? ಮಂಗಳೂರಿನಲ್ಲಿ ಇದೇ ಸಂಬಳದ ಕೆಲಸಗಳು ಬೆಂಗಳೂರಿನಲ್ಲಿ ಇರುವಷ್ಟಿಲ್ಲ. ಹಾಗಾಗಿ ಹುಡುಕಾಟಕ್ಕೆ 6 ತಿಂಗಳು ಹಿಡಿಯಿರಿ. ಆಫರ್ ಸಿಕ್ಕ ಮೇಲೆ ಸೇರುವುದಕ್ಕೆ 1 ತಿಂಗಳು, ಸೇರಿದ ಮೇಲೆ ಮೊದಲ ಸಂಬಳ ಬರುವುದಕ್ಕೆ ಇನ್ನೊಂದು. ಒಟ್ಟು 8 ತಿಂಗಳಿಗೆ 5 ಲಕ್ಷ. ಕೆಲಸ ಸಿಕ್ಕಿದ್ದು ಬೆಂಗಳೂರಿನಲ್ಲಾದರೆ ಅಲ್ಲಿ ಬಾಡಿಗೆ ಮನೆಗೆ ಅಡ್ವಾನ್ಸ್, ಇಲ್ಲಿ ಮನೆ ನಡೆಸಬೇಕು. ಅದಕ್ಕೆ 1 ಲಕ್ಷ ಬೇರೆ. ಹಳೆ ಕಂಪನಿಯಿಂದ ಬರಬೇಕಾದ ಅಂತಿಮ ಲೆಕ್ಕದ ಹಣವನ್ನು ಕೈಗೆ ಬರುವ ತನಕ ಎಣಿಸಬೇಡಿ.

ಆಸ್ಪತ್ರೆಯ ವಿಷಯದಲ್ಲಿ ಹೆಚ್ಚಿನವರು ಎಡವುವುದು "5 ಲಕ್ಷದ ವಿಮೆ ಉಂಟಲ್ಲ" ಅನ್ನುವಲ್ಲಿ. ಹಿರಿಯರ ಪಾಲಿಸಿಯ ಕಾಗದ ತೆಗೆದು ಎರಡು ಸಾಲು ಹುಡುಕಿ: ಕೋಣೆ ಬಾಡಿಗೆಯ ಮಿತಿ ಮತ್ತು ಕೋ-ಪೇ, ಅಂದರೆ ವಿಮಾ ಕಂಪನಿ ಒಪ್ಪಿದ ಮೊತ್ತದಲ್ಲೂ ನೀವೇ ಕಟ್ಟಬೇಕಾದ ಪಾಲು. ಮಿತಿ ದಿನಕ್ಕೆ 5,000, ಕೋ-ಪೇ ಶೇ. 20 ಎಂದಿಟ್ಟುಕೊಳ್ಳಿ. ಅಪ್ಪನಿಗೆ ಆಪರೇಷನ್, ನೀವು ಹಿಡಿದ ಕೋಣೆ 8,000ದ್ದು, ಬಿಲ್ಲು 4 ಲಕ್ಷ. ಕೋಣೆಯ ಹೆಚ್ಚುವರಿ 3,000 ಮಾತ್ರ ಕೈಯಿಂದ ಹೋಗುತ್ತದೆ ಎಂದುಕೊಂಡರೆ ತಪ್ಪು. ಕೋಣೆ ಮೇಲ್ದರ್ಜೆಯದಾದರೆ ವೈದ್ಯರ ಶುಲ್ಕ, ಆಪರೇಷನ್ ಥಿಯೇಟರ್ ಶುಲ್ಕವೂ ಏರುತ್ತದೆ ಎಂಬ ಕಾರಣಕ್ಕೆ ವಿಮಾ ಕಂಪನಿ ಆ ಭಾಗವನ್ನೂ ಅದೇ ಪ್ರಮಾಣದಲ್ಲಿ ಕಡಿಯಬಹುದು. ಕೋಣೆ, ವೈದ್ಯರು, ಥಿಯೇಟರ್ ಸೇರಿ 2,40,000 ಆಗಿದ್ದರೆ ಎಂಟರಲ್ಲಿ ಐದು ಪಾಲು, ಅಂದರೆ 1,50,000 ಮಾತ್ರ ಒಪ್ಪುತ್ತಾರೆ. ಔಷಧ, ಇಂಪ್ಲಾಂಟ್, ಪರೀಕ್ಷೆಗಳ 1,60,000ಕ್ಕೆ ಈ ಕಡಿತ ಇಲ್ಲ. ಒಪ್ಪಿದ ಮೊತ್ತ 3,10,000. ಅದರಲ್ಲಿ ಕೋ-ಪೇ 62,000 ಹೋಗಿ ವಿಮೆಯಿಂದ ಬರುವುದು 2,48,000. ನಿಮ್ಮ ಕೈಯಿಂದ 1,52,000. ಕೈಗವಸು, ಡೈಪರ್‌ನಂಥ ಬಾಬ್ತು ಇನ್ನೂ ಸೇರಿಲ್ಲ. ಅದೇ 5,000ದ ಒಳಗಿನ ಕೋಣೆ ಹಿಡಿದಿದ್ದರೆ ಕೈಯಿಂದ ಹೋಗುತ್ತಿದ್ದದ್ದು ಸುಮಾರು 80,000. ಅಡ್ಮಿಷನ್ ಕೌಂಟರಿನಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ ಕೋಣೆಯ ಬಾಡಿಗೆಯದ್ದೇ.

ಆ ಗಡಿಬಿಡಿಯಲ್ಲಿ ಇದನ್ನೆಲ್ಲ ನೋಡುವಷ್ಟು ತಾಳ್ಮೆ ಯಾರಿಗೂ ಇರುವುದಿಲ್ಲ, ಆದ್ದರಿಂದ ಹೆಚ್ಚಿನ ಮೊತ್ತವನ್ನೇ ಹಿಡಿಯಿರಿ: 1.5 ಲಕ್ಷ. ಎಲ್ಲ ಕೂಡಿದರೆ ನಿಮ್ಮ ಗುರಿ 7.5 ಲಕ್ಷ. ಅಪ್ಪ ಅಮ್ಮನೂ ಕಂಪನಿಯ ಗುಂಪು ವಿಮೆಯಲ್ಲೇ ಇರುವವರ ಲೆಕ್ಕ ಬೇರೆ. ಅಲ್ಲಿ ಕೆಲಸ ಹೋದರೆ ವಿಮೆಯೂ ಹೋಯಿತು. ಶುಗರ್, ಬಿಪಿ ಇರುವ ಹಿರಿಯರಿಗೆ ಹೊಸ ಪಾಲಿಸಿ ಕೊಟ್ಟರೂ ಇರುವ ಕಾಯಿಲೆಗೆ 3 ವರ್ಷದವರೆಗೆ ಕಾಯಬೇಕಾಗಬಹುದು. ಅಂಥವರು ಒಂದೋ ಈಗಲೇ ಬೇರೆ ಪಾಲಿಸಿ ಮಾಡಿಸಬೇಕು, ಇಲ್ಲವೇ ಆಸ್ಪತ್ರೆಗೆಂದು 1.5 ಲಕ್ಷದ ಬದಲು 4-5 ಲಕ್ಷ ಇಡಬೇಕು. ಕೆಲಸ ಬಿಡುವಾಗ ಕೊನೆಯ ದಿನಕ್ಕೆ ಮೊದಲೇ, ಅದೇ ವಿಮಾ ಕಂಪನಿಯ ವೈಯಕ್ತಿಕ ಪಾಲಿಸಿಗೆ ವರ್ಗಾಯಿಸಲು ಅರ್ಜಿ ಕೊಟ್ಟು ನೋಡುವುದು ಒಳ್ಳೆಯದು.

ಎಲ್ಲಿ ಇಡುವುದು? ಸಹಕಾರಿ ಸಂಘದ ಎಫ್‌ಡಿಯನ್ನು ಇದಕ್ಕೆ ನೆಚ್ಚಿಕೊಳ್ಳಬೇಡಿ. ಬ್ಯಾಂಕಿನ ಠೇವಣಿಗೆ, ಸಹಕಾರಿ ಬ್ಯಾಂಕೂ ಸೇರಿ, ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ ಬಡ್ಡಿ ಸಮೇತ 5 ಲಕ್ಷದವರೆಗೆ ಠೇವಣಿ ವಿಮೆ ಇದೆ. ಸಹಕಾರಿ ಸಂಘ, ಸೌಹಾರ್ದ ಸಂಘಗಳ ಠೇವಣಿಗೆ ಅದು ಇಲ್ಲ. ಬಡ್ಡಿ ಒಂದಿಷ್ಟು ಹೆಚ್ಚು ಸಿಗುತ್ತದೆ ನಿಜ, ಆದರೆ ಇದು ಬಡ್ಡಿಗಾಗಿ ಇಡುವ ಹಣವಲ್ಲ. ಅವಧಿ ಮುಗಿದಾಗ ಬ್ಯಾಂಕಿಗೆ ತನ್ನಿ.

1.5 ಲಕ್ಷ ಉಳಿತಾಯ ಖಾತೆಯಲ್ಲಿರಲಿ. ಉಳಿದದ್ದನ್ನು ಒಂದೇ ಎಫ್‌ಡಿ ಮಾಡದೆ 1 ಲಕ್ಷದ ತುಂಡುಗಳಾಗಿ ಎರಡು ಬ್ಯಾಂಕುಗಳಲ್ಲಿ ಇಡಿ. 80 ಸಾವಿರ ಬೇಕಾದಾಗ ಒಂದನ್ನೇ ಮುರಿದರಾಯಿತು, ದಂಡ ಅದಕ್ಕೆ ಮಾತ್ರ ಬೀಳುತ್ತದೆ.

ಮುಖ್ಯವಾಗಿ, ಯಾವುದೂ ನಿಮ್ಮೊಬ್ಬರ ಹೆಸರಲ್ಲಿ ಬೇಡ. ಐಸಿಯುನಲ್ಲಿ ಇರುವವರು ನೀವೇ ಆಗಿಬಿಟ್ಟರೆ ಸಹಿ ಹಾಕುವವರಿಲ್ಲ. ನಾಮಿನಿ ಮಾಡಿದ್ದರೂ ಆಗ ಉಪಯೋಗಕ್ಕಿಲ್ಲ, ಯಾಕೆಂದರೆ ನಾಮಿನಿಗೆ ಹಣ ಸಿಗುವುದು ಖಾತೆದಾರರು ತೀರಿಕೊಂಡ ಮೇಲೆ. ಹೆಂಡತಿಯ ಜೊತೆ "ಈದರ್ ಆರ್ ಸರ್ವೈವರ್" ಜಂಟಿ ಖಾತೆ ಮಾಡಿ, ಅಂದರೆ ಇಬ್ಬರಲ್ಲಿ ಯಾರೊಬ್ಬರ ಸಹಿಯಿದ್ದರೂ ನಡೆಯುವಂಥದ್ದು. ಅಷ್ಟಕ್ಕೇ ಬಿಡಬೇಡಿ: ಜಂಟಿ ಎಫ್‌ಡಿಯನ್ನು ಅವಧಿಗೆ ಮುಂಚೆ ಮುರಿಯಲು ಬ್ಯಾಂಕು ಇಬ್ಬರ ಸಹಿಯನ್ನೂ ಕೇಳಬಹುದು. ಅವಧಿಗೆ ಮುಂಚೆಯೂ ಒಬ್ಬರೇ ತೆಗೆಯಬಹುದು ಎಂಬ ಲಿಖಿತ ಒಪ್ಪಿಗೆಯನ್ನು ಎಫ್‌ಡಿ ಮಾಡುವಾಗಲೇ ಇಬ್ಬರೂ ಸಹಿ ಹಾಕಿ ಕೊಡಿ.

ನಿಮ್ಮ ಈಗಿನ ಖರ್ಚು 60,500 ಆದರೆ ತಿಂಗಳಿಗೆ 20,000 ಎತ್ತಿಡಬಹುದು. ಇರುವ 2 ಲಕ್ಷ ಬಿಟ್ಟು ಬಾಕಿ 5.5 ಲಕ್ಷಕ್ಕೆ ಸುಮಾರು 28 ತಿಂಗಳು ಬೇಕು. ಮೊದಲು ಉಳಿತಾಯ ಖಾತೆಯ 1.5 ಲಕ್ಷ ತುಂಬಲಿ, ಎಫ್‌ಡಿ ಆಮೇಲೆ. ಈ ಮಧ್ಯೆ ಏನಾದರೂ ಬಂದರೆ ಮನೆಯ ಚಿನ್ನದ ಮೇಲಿನ ಸಾಲವೇ ಬೇಗ ಸಿಗುವಂಥದ್ದು, ಅದನ್ನು 7.5 ಲಕ್ಷದ ಲೆಕ್ಕಕ್ಕೆ ಮಾತ್ರ ಸೇರಿಸಬೇಡಿ, ಸಂಬಳ ನಿಂತ ಮನೆಯಲ್ಲಿ ಅದರ ಬಡ್ಡಿ ಕಟ್ಟುವುದೂ ಇದೇ ನಿಧಿಯಿಂದ.